ಬಟ್ಟೆ ಪ್ಯಾಡ್: ತುರಿಕೆ, ವಾಸನೆ ಏಕೆ? ಒಗೆದು ಒಣಗಿಸುವುದು ಹೇಗೆ?

ಮುಟ್ಟಿನ ದಿನಗಳಲ್ಲಿ ಬಳಸಿ, ಒಗೆದು, ಒಣಗಿಸಿ ಮತ್ತೆ ಬಳಸುವ ಹೊಲಿದ ಬಟ್ಟೆ ಪ್ಯಾಡ್‌ನಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ. ಚರ್ಮಕ್ಕೆ ತಾಗುವ ಮೇಲ್ಪದರ ಹತ್ತಿ, ಫ್ಲಾನೆಲ್ ಅಥವಾ ಪಾಲಿಯೆಸ್ಟರ್ ಬಟ್ಟೆಯದು. ನಡುವೆ ಹಲವು ಮಡಿಕೆಗಳ ದಪ್ಪ ಬಟ್ಟೆ. ರಕ್ತವನ್ನು ಹೀರಿ ಹಿಡಿಯುವ ಕೆಲಸ ಅದರದು. ಕೆಳಗೆ ಸೋರಿಕೆ ತಡೆಯುವ ಪದರ. ಇದು ಹೆಚ್ಚಾಗಿ ಪಾಲಿಯುರೆಥೇನ್ ಲೇಪಿಸಿದ ಬಟ್ಟೆ. ಮಾರುವವರು ಇದನ್ನು ಪಿಯುಎಲ್ ಎಂದು ಕರೆಯುತ್ತಾರೆ. ಎರಡು ಬದಿಯ ರೆಕ್ಕೆಗಳನ್ನು ಒಳಉಡುಪಿನ ಕೆಳಗೆ ಮಡಚಿ ಗುಂಡಿ ಹಾಕಿದರೆ ಪ್ಯಾಡ್ ಜಾರುವುದಿಲ್ಲ.

ಹಳೆಯ ಸೀರೆ, ಪಂಚೆಯ ತುಂಡನ್ನು ಮಡಚಿ ಬಳಸುವ ರೂಢಿಯೂ ಇಂದಿಗೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮುಟ್ಟಿನಲ್ಲಿ ಬಟ್ಟೆ ಬಳಸುವುದಾಗಿ ಹೇಳಿದ್ದರು. ಅವರಲ್ಲಿ ಹಲವರು ಅಂಗಡಿಯ ಪ್ಯಾಡನ್ನೂ ಜೊತೆಗೆ ಬಳಸುವವರು.

ಈ ಎರಡೂ ಬಗೆಯಲ್ಲಿ ಕೇಳಿಬರುವ ದೂರುಗಳು ಎರಡು: ತುರಿಕೆ ಮತ್ತು ವಾಸನೆ. ಬಟ್ಟೆ ಎಂಬ ಕಾರಣಕ್ಕೇ ಇವು ಬರುವುದಿಲ್ಲ. ಒಗೆದ ಮೇಲೂ ಬಟ್ಟೆಯೊಳಗೆ ಉಳಿದುಕೊಳ್ಳುವ ವಸ್ತುಗಳಿಂದ ಬರುತ್ತವೆ. ಉಳಿಯುವುದು ಮುಖ್ಯವಾಗಿ ಮೂರು: ರಕ್ತದ ಅಂಶ, ಸೋಪು, ಮತ್ತು ತೇವ. ಮೂರೂ ಅಡಗುವುದು ಕಣ್ಣಿಗೆ ಕಾಣದ ನಡುವಿನ ಪದರದಲ್ಲಿ. ಮೇಲೆ ಶುಭ್ರವಾಗಿ, ಮುಟ್ಟಿದರೆ ಒಣಗಿದಂತೆ ಕಾಣುವ ಪ್ಯಾಡ್ ಕೂಡ ತೊಂದರೆ ಕೊಡುವುದು ಇದರಿಂದಲೇ.

ವಾಸನೆ ಹುಟ್ಟುವ ಬಗೆ

ದೇಹದಿಂದ ಆಗತಾನೇ ಹೊರಬಂದ ಮುಟ್ಟಿನ ರಕ್ತಕ್ಕೆ ಹೆಚ್ಚು ವಾಸನೆ ಇರುವುದಿಲ್ಲ. ರಕ್ತದಲ್ಲಿ ಕಬ್ಬಿಣ ಇರುವುದರಿಂದ ತುಸು ಲೋಹದಂಥ ವಾಸನೆ ಬರುವುದು ಸಹಜ. ಪ್ಯಾಡ್ ಮೇಲೆ ಬಿದ್ದ ರಕ್ತ, ಬೆವರು ಮತ್ತು ಸ್ರಾವಗಳನ್ನು ಚರ್ಮದ ಬ್ಯಾಕ್ಟೀರಿಯಾಗಳು ಒಡೆಯತೊಡಗಿದಾಗ ಕೆಟ್ಟ ವಾಸನೆ ಶುರುವಾಗುತ್ತದೆ. ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ಬೆಚ್ಚಗಿನ ಜಾಗ, ತೇವ ಮತ್ತು ಸಮಯ. ಒಂದೇ ಪ್ಯಾಡನ್ನು ಬೆಳಗಿನಿಂದ ಸಂಜೆಯವರೆಗೆ ಧರಿಸಿದರೆ ಮೂರೂ ಸಿಗುತ್ತವೆ. ಆದ್ದರಿಂದ ಸ್ರಾವ ಕಡಿಮೆಯಿದ್ದರೂ 4ರಿಂದ 6 ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು; ಒದ್ದೆಯೆನಿಸಿದರೆ ಅದಕ್ಕೂ ಮೊದಲೇ.

ಒಗೆದಿಟ್ಟ ಪ್ಯಾಡ್‌ನಿಂದ ಬರುವ ವಾಸನೆಗೆ ಕಾರಣ ಬೇರೆ. ಪೂರ್ತಿ ಒಣಗದೆ ಮಡಚಿಟ್ಟ ಪ್ಯಾಡ್‌ನಿಂದ ಮುಗ್ಗಲು ವಾಸನೆ ಬರುತ್ತದೆ. ಇನ್ನು ಕೆಲವು ಪ್ಯಾಡ್‌ಗಳಿಗೆ ಒಣಗಿದ್ದಾಗ ಯಾವ ವಾಸನೆಯೂ ಇರುವುದಿಲ್ಲ; ಧರಿಸಿದ ಒಂದು ಗಂಟೆಯೊಳಗೆ ಕಮಟು ವಾಸನೆ ಏಳುತ್ತದೆ. ಹಿಂದಿನ ತಿಂಗಳ ರಕ್ತದ ಅಂಶ ಒಳಪದರದಲ್ಲಿ ಉಳಿದಿದೆ, ಅದು ಮೈಬಿಸಿಗೂ ತೇವಕ್ಕೂ ಮತ್ತೆ ಎಚ್ಚೆತ್ತಿದೆ ಎಂದು ಇದರ ಅರ್ಥ. ಪರೀಕ್ಷಿಸಲು ಒಣಗಿದ ಪ್ಯಾಡ್ ಮೇಲೆ ಎರಡು ಚಮಚ ಬೆಚ್ಚಗಿನ ನೀರು ಹಾಕಿ ಮೂಸಿದರೆ ಸಾಕು. ವಾಸನೆ ಬಂದರೆ ಒಗೆತ ಒಳಪದರವನ್ನು ತಲುಪಿಲ್ಲ.

ನೀರಿನ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆಗಳಲ್ಲಿ ಆಳದ ಬೋರ್‌ವೆಲ್‌ನಿಂದ ಬರುವ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚು. ಸ್ನಾನದ ಸೋಪು ಇವುಗಳ ಜೊತೆ ಸೇರಿ ಕರಗದ ಬಿಳಿ ಜಿಡ್ಡಾಗುತ್ತದೆ. ಆ ಜಿಡ್ಡು ನೂಲಿಗೆ ಅಂಟಿಕೊಂಡು ರಕ್ತದ ಅಂಶವನ್ನು ಒಳಗೇ ಹಿಡಿದಿಡುತ್ತದೆ, ಬಟ್ಟೆಯ ಹೀರುವ ಗುಣವನ್ನೂ ಕುಗ್ಗಿಸುತ್ತದೆ. ಬಟ್ಟೆ ಮೆತ್ತಗಾಗಲೆಂದು ಕೊನೆಯ ನೀರಿಗೆ ಹಾಕುವ ಸುವಾಸನೆಯ ದ್ರವ, ಅಂದರೆ ಫ್ಯಾಬ್ರಿಕ್ ಕಂಡೀಷನರ್, ಇದೇ ಬಗೆಯ ಲೇಪವನ್ನು ಬಿಡುತ್ತದೆ.

ತುರಿಕೆ: ಕಿರಿಕಿರಿಯೋ, ಸೋಂಕೋ?

ಬಟ್ಟೆ ಪ್ಯಾಡ್ ಬಳಸುವವರಿಗೆ ಬರುವ ತುರಿಕೆಯೆಲ್ಲ ಸೋಂಕಲ್ಲ. ಜನನಾಂಗದ ಹೊರಗಿನ ಚರ್ಮ ಕೈ, ಹೊಟ್ಟೆಯ ಚರ್ಮಕ್ಕಿಂತ ಸೂಕ್ಷ್ಮ. ಒದ್ದೆ ಬಟ್ಟೆ ತಾಸುಗಟ್ಟಲೆ ತಾಗಿದ್ದರೆ ಅದು ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಅಂಥ ಚರ್ಮದ ಮೇಲೆ ನಡೆಯುವಾಗಿನ ಉಜ್ಜಾಟವೂ ಬಟ್ಟೆಯಲ್ಲಿ ಉಳಿದ ಸೋಪಿನ ಕ್ಷಾರವೂ ಸೇರಿದರೆ ಉರಿ, ಕೆಂಪು, ತುರಿಕೆ ಕಾಣಿಸುತ್ತವೆ. ಕೆಲವರಿಗೆ ಬಟ್ಟೆಯ ಬಣ್ಣ, ಸೋಪಿನ ಸುಗಂಧ ಅಥವಾ ನೆನೆಹಾಕುವ ನೀರಿಗೆ ಸೇರಿಸಿದ ಆಂಟಿಸೆಪ್ಟಿಕ್ ದ್ರವ ಒಗ್ಗದೆ ಅಲರ್ಜಿಯಾಗುತ್ತದೆ.

ಇಂಥ ಕಿರಿಕಿರಿಯ ತುರಿಕೆಯನ್ನು ಅದರ ಜಾಗ ಮತ್ತು ಸಮಯದಿಂದ ಗುರುತಿಸಬಹುದು. ಅದು ಪ್ಯಾಡ್ ತಾಗುವ ಹೊರಚರ್ಮದಲ್ಲಿ, ರೆಕ್ಕೆಯ ಅಂಚು ಉಜ್ಜುವ ತೊಡೆಯ ಒಳಬದಿಯಲ್ಲಿ ಇರುತ್ತದೆ. ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ಶುರುವಾಗಿ, ಪ್ಯಾಡ್ ಬಿಟ್ಟ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಸ್ರಾವದ ಬಣ್ಣದಲ್ಲಾಗಲಿ ವಾಸನೆಯಲ್ಲಾಗಲಿ ಬದಲಾವಣೆ ಇರುವುದಿಲ್ಲ.

ಸೋಂಕಿನ ಲಕ್ಷಣಗಳು ಬೇರೆ. ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಿನಲ್ಲಿ ತುರಿಕೆ ತೀವ್ರವಾಗಿರುತ್ತದೆ, ಒಡೆದ ಮೊಸರಿನಂಥ ಗಟ್ಟಿ ಬಿಳಿ ಸ್ರಾವ ಬರುತ್ತದೆ, ಮೂತ್ರ ತಾಗಿದಾಗ ಉರಿಯಬಹುದು. ಯೋನಿಯೊಳಗಿನ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದಾಗ ಬರುವ ಬ್ಯಾಕ್ಟೀರಿಯಲ್ ವಜೈನೋಸಿಸ್‌ನಲ್ಲಿ ಬೂದು ಬಣ್ಣದ ತೆಳು ಸ್ರಾವ ಮತ್ತು ಮೀನಿನ ವಾಸನೆ ಮುಖ್ಯ. ತುರಿಕೆ ಇರಲೂಬಹುದು, ಇಲ್ಲದೆಯೂ ಇರಬಹುದು. ತೊಡೆಸಂದಿನಲ್ಲಿ ಅಂಚು ಉಬ್ಬಿದ ದುಂಡನೆಯ ಕಲೆ ಹರಡುತ್ತ ಹೋದರೆ ಅದು ಗಜಕರ್ಣ, ಅಂದರೆ ಚರ್ಮದ ಶಿಲೀಂಧ್ರ ಸೋಂಕು. ಈ ಯಾವುದೂ ಪ್ಯಾಡ್ ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ, ಚಿಕಿತ್ಸೆ ಬೇಕು.

ಬಟ್ಟೆಗೂ ಸೋಂಕಿಗೂ ಇರುವ ನಂಟನ್ನು ಒಡಿಶಾದ ಆಸ್ಪತ್ರೆಗಳಿಗೆ ಬಂದ ಮಹಿಳೆಯರಲ್ಲಿ ಅಧ್ಯಯನ ಮಾಡಲಾಗಿದೆ. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮರುಬಳಕೆಯ ಬಟ್ಟೆ ಬಳಸುವವರಲ್ಲಿ ಕ್ಯಾಂಡಿಡಾ ಸೋಂಕು ಬಿಸಾಡುವ ಪ್ಯಾಡ್ ಬಳಸುವವರಿಗಿಂತ ಹೆಚ್ಚಾಗಿತ್ತು. ಬಟ್ಟೆ ಬಳಸುವವರನ್ನೇ ತಮ್ಮತಮ್ಮಲ್ಲಿ ಹೋಲಿಸಿದಾಗ, ಅದನ್ನು ಮನೆಯೊಳಗೆ ಒಣಗಿಸುವವರಲ್ಲಿ ಮತ್ತು ಶೌಚಾಲಯದಲ್ಲಿ ಬಚ್ಚಿಡುವವರಲ್ಲಿ ಆ ಸೋಂಕು ಹೆಚ್ಚು ಕಂಡುಬಂತು. ಇಂಥ ಅಧ್ಯಯನ ಎರಡು ಸಂಗತಿಗಳು ಜೊತೆಯಾಗಿ ಇರುವುದನ್ನು ತೋರಿಸುತ್ತದೆಯೇ ಹೊರತು ಒಂದು ಇನ್ನೊಂದಕ್ಕೆ ಕಾರಣ ಎಂದು ಸಾಧಿಸುವುದಿಲ್ಲ. ಆದರೂ ತೇವ ಉಳಿಯುವ ಜಾಗದಲ್ಲಿ ಶಿಲೀಂಧ್ರ ಬೆಳೆಯುತ್ತದೆ ಎಂಬ ತಿಳಿವಳಿಕೆಗೆ ಅದು ಹೊಂದುತ್ತದೆ.

ಒಗೆಯುವ ಕ್ರಮ

ಹೊಸ ಪ್ಯಾಡನ್ನು ಬಳಸುವ ಮೊದಲು ಎರಡು ಮೂರು ಸಲ ಒಗೆಯಬೇಕು. ಕಾರ್ಖಾನೆಯ ಗಂಜಿ ಮತ್ತು ಹೆಚ್ಚುವರಿ ಬಣ್ಣ ಆಗ ಹೋಗುತ್ತವೆ, ಹತ್ತಿಯ ಹೀರುವ ಶಕ್ತಿಯೂ ಹೆಚ್ಚುತ್ತದೆ.

ಬಳಸಿದ ಪ್ಯಾಡನ್ನು ಮೊದಲು ತಣ್ಣೀರಿನಲ್ಲೇ ತೊಳೆಯಬೇಕು. ಬಿಸಿನೀರು ತಾಗಿದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಕಲೆಯೂ ಹೋಗದು, ವಾಸನೆಯೂ ಹೋಗದು. ನಲ್ಲಿಯ ಕೆಳಗೆ ಹಿಡಿದು, ಅಂಗೈಯಿಂದ ಒತ್ತಿ ಒತ್ತಿ ಬಿಡುತ್ತಿದ್ದರೆ ನಡುವಿನ ಪದರದ ರಕ್ತ ಹೊರಬರುತ್ತದೆ. ನೀರು ಕೆಂಪು ಬಿಟ್ಟು ತಿಳಿಯಾಗುವವರೆಗೆ ಹೀಗೆ ಮಾಡಬೇಕು. ಮೇಲ್ಮೈಯನ್ನು ಬ್ರಷ್‌ನಿಂದ ಉಜ್ಜುವುದಕ್ಕಿಂತ ಹೀಗೆ ಒತ್ತುವುದು ಹೆಚ್ಚು ಕೆಲಸ ಮಾಡುತ್ತದೆ.

ಆಮೇಲೆ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಹಾಕಿದರೆ ಸಾಕು. ಸಮಯವಿಲ್ಲದಿದ್ದರೆ ಕೆಲವು ಗಂಟೆ ಬಿಡಬಹುದು, ನಡುವೆ ನೀರು ಬದಲಿಸಬೇಕು. ಇಡೀ ದಿನ ಅಥವಾ ಮುಟ್ಟು ಮುಗಿಯುವವರೆಗೆ ಒಂದೇ ಬಕೆಟ್‌ನಲ್ಲಿ ನೆನೆಹಾಕಿಡುವ ಅಭ್ಯಾಸ ಹಾನಿಕರ. ಆ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ಎಲ್ಲ ಪ್ಯಾಡ್‌ಗಳಿಗೂ ವಾಸನೆ ಹತ್ತುತ್ತದೆ.

ಸೋಪಿನ ಆಯ್ಕೆ ಮುಂದಿನದು. ಬಟ್ಟೆ ಒಗೆಯುವ ಬಾರ್ ಸೋಪುಗಳಲ್ಲಿ ಕ್ಷಾರದ ಜೊತೆಗೆ ಗಟ್ಟಿತನಕ್ಕಾಗಿ ಸೇರಿಸಿದ ನೀರಿನಲ್ಲಿ ಕರಗದ ಪುಡಿಯೂ ಇರುತ್ತದೆ. ದಪ್ಪ ಪ್ಯಾಡ್‌ಗೆ ಅದನ್ನು ನೇರವಾಗಿ ತಿಕ್ಕಿದರೆ ಒಳಪದರದಿಂದ ಪೂರ್ತಿ ತೆಗೆಯುವುದು ಕಷ್ಟ. ಸುಗಂಧ ಕಡಿಮೆಯಿರುವ ದ್ರವ ಡಿಟರ್ಜೆಂಟ್ ಸುಲಭವಾಗಿ ತೊಳೆದುಹೋಗುತ್ತದೆ. ಮೂರು ನಾಲ್ಕು ಪ್ಯಾಡ್‌ಗಳಿಗೆ ಅರ್ಧ ಬಕೆಟ್ ನೀರು, ಒಂದು ಟೀ ಚಮಚ ದ್ರವ ಸಾಕು. ಪುಡಿಯೇ ಬಳಸುವುದಾದರೆ ಅಷ್ಟೇ ಪ್ರಮಾಣವನ್ನು ನೀರಿನಲ್ಲಿ ಮೊದಲೇ ಪೂರ್ತಿ ಕದಡಿ, ನಂತರ ಪ್ಯಾಡ್ ಹಾಕಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಜಾಲಾಡುವುದು. ಕನಿಷ್ಠ ಮೂರು ಸಲ ಹೊಸ ನೀರಿನಲ್ಲಿ ಜಾಲಾಡಿ, ಪ್ರತಿ ಸಲವೂ ಒತ್ತಿ ನೀರು ತೆಗೆಯಬೇಕು. ಸಾಕಾಯಿತೇ ಎಂದು ತಿಳಿಯಲು ಒಂದು ಪ್ಯಾಡನ್ನು ಚೊಂಬಿನ ಶುದ್ಧ ನೀರಿನಲ್ಲಿ ಅದ್ದಿ ಕೈಯಿಂದ ಹಿಸುಕಿ ನೋಡಬಹುದು. ನೀರಿನ ಮೇಲೆ ನೊರೆ ನಿಂತರೆ ಸೋಪು ಇನ್ನೂ ಇದೆ. ವಾಷಿಂಗ್ ಮಷಿನ್ ಬಳಸುವವರು ರಕ್ತವನ್ನು ಮೊದಲು ಕೈಯಲ್ಲಿ ತೊಳೆದು, 30 ಅಥವಾ 40 ಡಿಗ್ರಿಯಲ್ಲಿ ಒಗೆದು, ಹೆಚ್ಚುವರಿ ಜಾಲಾಡುವಿಕೆಯ ಗುಂಡಿ ಒತ್ತಬೇಕು.

ಆಂಟಿಸೆಪ್ಟಿಕ್ ದ್ರವ, ಫಿನಾಯಿಲ್, ಬ್ಲೀಚ್ ಬೇಡ. ಇವು ಬಟ್ಟೆಯಲ್ಲಿ ಉಳಿದು ಚರ್ಮ ಸುಡುತ್ತವೆ. ಬ್ಲೀಚ್ ನೂಲನ್ನೂ ಸೋರಿಕೆ ತಡೆಯುವ ಪದರವನ್ನೂ ಹಾಳುಮಾಡುತ್ತದೆ. ಪಿಯುಎಲ್ ಇಲ್ಲದ ಬರೀ ಹತ್ತಿ ಬಟ್ಟೆಯನ್ನು, ರಕ್ತ ಪೂರ್ತಿ ಹೋದ ಮೇಲೆ, ಕುದಿಯುವ ನೀರಿನಲ್ಲಿ ಐದು ಹತ್ತು ನಿಮಿಷ ಹಾಕಿ ತೆಗೆಯಬಹುದು. ಪಿಯುಎಲ್ ಇರುವ ಪ್ಯಾಡನ್ನು ಕುದಿಸಿದರೆ ಲೇಪ ಬಿರಿದು ಸೋರತೊಡಗುತ್ತದೆ. ಎಷ್ಟು ಬಿಸಿ ತಡೆಯುತ್ತದೆ ಎಂಬುದನ್ನು ಅದರ ಚೀಟಿಯಲ್ಲಿ ನೋಡಬೇಕು.

ಹೊರಗಿರುವಾಗ ಬಿಚ್ಚಿದ ಪ್ಯಾಡನ್ನು ಒಳಮುಖವಾಗಿ ಮಡಚಿ, ಗುಂಡಿ ಹಾಕಿ, ನೀರು ಸೋರದ ಚೀಲದಲ್ಲಿ ಇಡಬೇಕು. ಮನೆ ತಲುಪಿದ ಕೂಡಲೇ ಚೀಲದಿಂದ ತೆಗೆದು ತೊಳೆಯಬೇಕು, ಚೀಲವನ್ನೂ ಒಗೆಯಬೇಕು. ಮುಚ್ಚಿದ ಚೀಲದಲ್ಲಿ ಎರಡು ದಿನ ಉಳಿದ ಪ್ಯಾಡ್‌ನ ವಾಸನೆ ಒಂದು ಒಗೆತಕ್ಕೆ ಹೋಗುವುದು ಅಪರೂಪ.

ಒಣಗಿಸುವುದು

ಒಗೆತದಲ್ಲಿ ಆದ ಸಣ್ಣ ಕೊರತೆಯನ್ನು ಒಳ್ಳೆಯ ಬಿಸಿಲು ಮುಚ್ಚಬಹುದು. ಒಣಗದಿರುವಿಕೆಯನ್ನು ಯಾವ ಒಗೆತವೂ ಸರಿಪಡಿಸದು. ಬಿಸಿಲಿನ ನೇರಳಾತೀತ ಕಿರಣಗಳು ಮೇಲ್ಮೈಯ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ, ಆದರೆ ದಪ್ಪ ಬಟ್ಟೆಯ ಒಳಕ್ಕೆ ಇಳಿಯುವುದಿಲ್ಲ. ಒಳಪದರವನ್ನು ಕಾಪಾಡುವುದು ಬಿಸಿಲಿನ ಶಾಖ ಮತ್ತು ಗಾಳಿ. ಅವು ತೇವ ತೆಗೆದರೆ ಜೀವಿಗಳು ಬೆಳೆಯಲಾರವು.

ಒಗೆದ ಪ್ಯಾಡನ್ನು ತಿರುಚಿ ಹಿಂಡದೆ, ಒಣ ಟವೆಲ್ಲಿನ ನಡುವೆ ಸುತ್ತಿ ಗಟ್ಟಿಯಾಗಿ ಒತ್ತಿದರೆ ಅರ್ಧ ಕೆಲಸ ಮುಗಿಯುತ್ತದೆ. ಗುಂಡಿ ಬಿಚ್ಚಿ, ರೆಕ್ಕೆ ಹರವಿ, ಹೀರುವ ಬದಿಯನ್ನು ಬಿಸಿಲಿಗೆ ಮುಖಮಾಡಿ ಹಾಕಬೇಕು. ಕೆಳಗಿನ ಪ್ಲಾಸ್ಟಿಕ್ ಲೇಪದಿಂದ ಗಾಳಿ ಹಾಯುವುದಿಲ್ಲವಾದ್ದರಿಂದ ತೇವ ಹೊರಹೋಗುವುದು ಮೇಲಿನಿಂದಲೇ. ಒಳಪದರ ಬೇರೆಯಾಗಿ ತೆಗೆಯಲು ಬರುವ ಪ್ಯಾಡ್ ಆಗಿದ್ದರೆ ಎರಡನ್ನೂ ಬೇರೆ ಬೇರೆ ಒಣಹಾಕಬೇಕು.

ಮುಟ್ಟಿನ ಬಟ್ಟೆ ಯಾರ ಕಣ್ಣಿಗೂ ಬೀಳಬಾರದು ಎಂಬ ಸಂಕೋಚ ಅನೇಕ ಮನೆಗಳಲ್ಲಿದೆ. ಅದಕ್ಕಾಗಿ ಮಂಚದ ಕೆಳಗೆ, ಬಚ್ಚಲಿನ ಮೂಲೆಯಲ್ಲಿ, ದಪ್ಪ ಸೀರೆಯ ಅಡಿಯಲ್ಲಿ ಒಣಹಾಕಿದರೆ ತೇವ ಹೋಗದು. ಮರೆ ಬೇಕೇ ಬೇಕೆಂದರೆ ತೆಳು ಹತ್ತಿ ದುಪಟ್ಟಾ ಹೊದಿಸಬಹುದು, ಅದೂ ಪ್ಯಾಡ್‌ಗೆ ಅಂಟದಂತೆ ಬೇರೆ ಹಗ್ಗದ ಮೇಲೆ. ಗಾಳಿಯೂ ಸ್ವಲ್ಪ ಬಿಸಿಲೂ ಆಗ ಸಿಗುತ್ತವೆ.

ಒಣಗಿತೇ ಎಂದು ನೋಡಲು ಪ್ಯಾಡನ್ನು ನಡುವೆ ಮಡಚಿ, ಮಡಿಕೆಯನ್ನು ಕೆನ್ನೆಗೆ ಒತ್ತಿ ಹಿಡಿಯಬೇಕು. ತಣ್ಣಗೆನಿಸಿದರೆ ಒಳಗೆ ತೇವವಿದೆ. ಪೂರ್ತಿ ಒಣಗಿದ್ದನ್ನು ಹತ್ತಿ ಚೀಲದಲ್ಲಿ, ಬಟ್ಟೆಯ ಬೀರುವಿನಲ್ಲಿ ಇಡಬೇಕು. ಬಚ್ಚಲು, ಶೌಚಾಲಯ, ಪ್ಲಾಸ್ಟಿಕ್ ಕವರು ಬೇಡ.

ಮಳೆಗಾಲದ ಲೆಕ್ಕ: ಒಂದು ಉದಾಹರಣೆ

ಜುಲೈ ತಿಂಗಳ ಮಲೆನಾಡು. ಹಾಸ್ಟೆಲ್‌ನಲ್ಲಿರುವ ಒಬ್ಬ ವಿದ್ಯಾರ್ಥಿನಿಯ ಬಳಿ ಐದು ಪ್ಯಾಡ್‌ಗಳಿವೆ ಎಂದುಕೊಳ್ಳಬಹುದು. ಬೆಳಿಗ್ಗೆ ಬಕೆಟ್‌ಗೆ ಹಾಕಿದ ಪ್ಯಾಡನ್ನು ಸಂಜೆ ಕಾಲೇಜಿನಿಂದ ಬಂದು ಬಾರ್ ಸೋಪು ತಿಕ್ಕಿ, ಒಮ್ಮೆ ಜಾಲಾಡಿ, ಕೋಣೆಯ ಹಗ್ಗದಲ್ಲಿ ಟವೆಲ್ ಹಿಂದೆ ಹಾಕುತ್ತಾಳೆ. ಮರುದಿನ ಮೇಲೆ ಒಣಗಿದಂತೆ ಕಂಡದ್ದನ್ನು ಮತ್ತೆ ಧರಿಸುತ್ತಾಳೆ. ಬೇಸಿಗೆಯಲ್ಲಿ ತೊಂದರೆಯಿರಲಿಲ್ಲ. ಈಗ ಧರಿಸಿದ ಸ್ವಲ್ಪ ಹೊತ್ತಿಗೆ ವಾಸನೆ, ಮೂರನೆಯ ದಿನದಿಂದ ಹೊರಚರ್ಮದಲ್ಲಿ ತುರಿಕೆ. ಸ್ರಾವ ಎಂದಿನಂತೆಯೇ ಇದೆ. ಮುಟ್ಟು ನಿಂತ ಮೂರು ದಿನಕ್ಕೆ ತುರಿಕೆಯೂ ನಿಲ್ಲುತ್ತದೆ.

ಜಾಗ ಮತ್ತು ಸಮಯ ನೋಡಿದರೆ ಇದು ಬಹುತೇಕ ಕಿರಿಕಿರಿಯ ತುರಿಕೆ. ಚೊಂಬಿನ ನೀರಿನಲ್ಲಿ ನೊರೆ ಬಂದರೆ ಸೋಪು ಉಳಿದಿದೆ ಎಂದಾಯಿತು. ಹಳೆಯ ಪ್ಯಾಡ್‌ಗಳನ್ನು ಸರಿಪಡಿಸಲು, ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಸೇರಿಸಿ ಅರ್ಧ ಗಂಟೆ ನೆನೆಸಿ, ನೊರೆ ನಿಲ್ಲುವವರೆಗೆ ಜಾಲಾಡಬೇಕು. ವಿನೆಗರ್ ಸೋಪಿನ ಜಿಡ್ಡನ್ನೂ ಲವಣವನ್ನೂ ಸಡಿಲಿಸುತ್ತದೆ. ಪದೇ ಪದೇ ಮಾಡಿದರೆ ಎಲಾಸ್ಟಿಕ್ ಮತ್ತು ಲೇಪ ಸವೆಯುವುದರಿಂದ ಅಗತ್ಯ ಬಿದ್ದಾಗ ಮಾತ್ರ ಸಾಕು. ವಿನೆಗರ್ ಮತ್ತು ಬ್ಲೀಚ್ ಎಂದೂ ಬೆರೆಯಬಾರದು. ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಅಷ್ಟಾದರೂ ಮೂಲ ತೊಡಕು ಉಳಿಯುತ್ತದೆ. ಮಳೆಯಲ್ಲಿ ದಪ್ಪ ಪ್ಯಾಡ್ ಒಣಗಲು ಎರಡು ದಿನ ಬೇಕೆಂದರೆ, ಸೋಮವಾರ ಬಳಸಿ ಒಗೆದದ್ದು ಮತ್ತೆ ಸಿಗುವುದು ಗುರುವಾರ. ದಿನಕ್ಕೆ ನಾಲ್ಕು ಸಲ ಬದಲಿಸುವವರಿಗೆ ಮೂರು ದಿನದ ಮಟ್ಟಿಗೆ 12 ಪ್ಯಾಡ್ ಬೇಕು. ಐದೇ ಇದ್ದರೆ ಹಸಿ ಪ್ಯಾಡ್ ಧರಿಸಬೇಕು ಇಲ್ಲವೇ ಒಂದನ್ನೇ ಇಡೀ ದಿನ ಧರಿಸಬೇಕು. ಎರಡೂ ತುರಿಕೆಗೆ ದಾರಿ.

ಹನ್ನೆರಡು ಪ್ಯಾಡ್ ಕೊಳ್ಳುವುದು ಎಲ್ಲರಿಗೂ ಆಗದು. ಹೊಲಿಗೆಯಿಲ್ಲದ ಹತ್ತಿ ಬಟ್ಟೆಯನ್ನು ಮಡಚಿ ಬಳಸುವುದು ಇಲ್ಲಿ ನೆರವಿಗೆ ಬರುತ್ತದೆ. ಬಿಡಿಸಿದರೆ ಅದು ಒಂದೇ ಪದರ; ಫ್ಯಾನಿನ ಕೆಳಗೆ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ, ಉಳಿದ ಹಸಿಯನ್ನು ಇಸ್ತ್ರಿಪೆಟ್ಟಿಗೆ ತೆಗೆಯುತ್ತದೆ. ಪಿಯುಎಲ್ ಪ್ಯಾಡ್‌ಗೆ ಇಸ್ತ್ರಿ ಮಾಡಬಾರದು. ಒಣಗಿದ ಬಟ್ಟೆ ಕೈಗೆ ಸಿಗದ ದಿನ ಬಿಸಾಡುವ ಪ್ಯಾಡ್ ಬಳಸುವುದೇ ಹಸಿ ಬಟ್ಟೆಗಿಂತ ಒಳ್ಳೆಯದು.

ಬಿಸಾಡುವುದು, ವೈದ್ಯರ ಬಳಿ ಹೋಗುವುದು ಯಾವಾಗ?

ಕಲೆ ಉಳಿದಿದೆ ಎಂಬ ಕಾರಣಕ್ಕೆ ಪ್ಯಾಡ್ ಬಿಸಾಡಬೇಕಿಲ್ಲ; ಕಲೆ ಮತ್ತು ಕೊಳೆ ಒಂದೇ ಅಲ್ಲ. ಕಪ್ಪು ಚುಕ್ಕಿಗಳ ಬೂಷ್ಟು ಕಂಡರೆ, ಸರಿಯಾಗಿ ಒಗೆದು ಒಣಗಿಸಿದರೂ ಬೆಚ್ಚಗಿನ ನೀರಿಗೆ ವಾಸನೆ ಏಳುತ್ತಿದ್ದರೆ, ಲೇಪ ಬಿರಿದಿದ್ದರೆ ಅದರ ಬಾಳಿಕೆ ಮುಗಿಯಿತು.

ತುರಿಕೆಯಿದ್ದಾಗ ಹೊರಭಾಗವನ್ನು ಬರೀ ನೀರಿನಿಂದ ತೊಳೆದು ಒತ್ತಿ ಒರೆಸಿಕೊಂಡರೆ ಸಾಕು. ಯೋನಿಯ ಒಳಭಾಗವನ್ನು ಸೋಪಿನಿಂದಾಗಲಿ ಸುಗಂಧದ ದ್ರವದಿಂದಾಗಲಿ ತೊಳೆಯಬಾರದು. ಸೋಂಕನ್ನು ತಡೆಯುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದರಿಂದ ನಾಶವಾಗುತ್ತವೆ. ಔಷಧಿ ಅಂಗಡಿಯಲ್ಲಿ ಕೇಳಿ ತರುವ ತುರಿಕೆಯ ಮುಲಾಮುಗಳಲ್ಲಿ ಅನೇಕ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಎರಡು ದಿನ ತುರಿಕೆ ಅಡಗಿಸಿ, ಗಜಕರ್ಣ ಇನ್ನಷ್ಟು ಹರಡಲು ಬಿಡುತ್ತದೆ.

ಮುಟ್ಟು ಮುಗಿದ ಒಂದು ವಾರದ ನಂತರವೂ ತುರಿಕೆ ನಿಲ್ಲದಿದ್ದರೆ, ಸ್ರಾವದ ಬಣ್ಣ ಅಥವಾ ವಾಸನೆ ಬದಲಾಗಿದ್ದರೆ, ಹುಣ್ಣು, ಜ್ವರ, ಕಿಬ್ಬೊಟ್ಟೆ ನೋವು ಕಾಣಿಸಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಅಥವಾ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಗರ್ಭಿಣಿಯರು ಮತ್ತು ಸಕ್ಕರೆ ಕಾಯಿಲೆಯವರು ವಾರ ಕಾಯದೆ ಹೋಗುವುದು ಒಳಿತು. ಕ್ಯಾಂಡಿಡಾ ಸೋಂಕು ಮತ್ತೆ ಮತ್ತೆ ಬರುತ್ತಿದ್ದರೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸುತ್ತಾರೆ. ಯಾವ ಪ್ಯಾಡ್, ಯಾವ ಸೋಪು, ಎಲ್ಲಿ ಒಣಗಿಸುವುದು, ತುರಿಕೆ ಮುಟ್ಟಿನ ಎಷ್ಟನೆಯ ದಿನ ಶುರುವಾಗುತ್ತದೆ ಎಂಬುದನ್ನು ವೈದ್ಯರಿಗೆ ಹೇಳಿದರೆ, ಕಿರಿಕಿರಿಯನ್ನೂ ಸೋಂಕನ್ನೂ ಬೇರ್ಪಡಿಸಲು ಅವರಿಗೆ ಸುಲಭವಾಗುತ್ತದೆ.